ದವಡೆಯಂಚಿನ ಮೊಡವೆ: ರೆಟಿನಾಯ್ಡ್ ಕ್ರೀಮನ್ನು ಚರ್ಮಕ್ಕೆ ನಿಧಾನವಾಗಿ ಒಗ್ಗಿಸುವ ಬಗೆ

ಇಪ್ಪತ್ತೈದು, ಮೂವತ್ತು ದಾಟಿದ ಮೇಲೆ ಕಾಡುವ ಮೊಡವೆಗೂ ಹರೆಯದ ಮೊಡವೆಗೂ ಚಹರೆಯಲ್ಲಿ ವ್ಯತ್ಯಾಸವಿದೆ. ಹರೆಯದಲ್ಲಿ ಹಣೆ, ಮೂಗು, ಕೆನ್ನೆಗಳ ಮೇಲೆ ಕಪ್ಪು ತಲೆ, ಬಿಳಿ ತಲೆಗಳ ಸಂತೆ. ವಯಸ್ಕರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಅದು ಗದ್ದದ ಸುತ್ತ, ದವಡೆಯ ಅಂಚಿನುದ್ದಕ್ಕೂ, ಕೆಲವೊಮ್ಮೆ ಕತ್ತಿನ ಮೇಲ್ಭಾಗದವರೆಗೂ ಇಳಿಯುತ್ತದೆ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಸಿಗುತ್ತದೆ: ಮುಖ ತೊಳೆಯುವಾಗ ಚರ್ಮದಡಿ ಒಂದು ಗಂಟು, ಒತ್ತಿದರೆ ನೋವು. ಅದಕ್ಕೆ ಬಾಯಿ ಇರುವುದಿಲ್ಲ, ಹಿಸುಕಿದರೆ ಏನೂ ಹೊರಬರುವುದಿಲ್ಲ, ಊತ ಮಾತ್ರ ಇನ್ನಷ್ಟು ಹೆಚ್ಚುತ್ತದೆ. ವಾರಗಟ್ಟಲೆ ಅಲ್ಲೇ ಕುಳಿತು, ಹೋಗುವಾಗ ಕಂದು ಕಲೆಯೊಂದನ್ನು ಬಿಟ್ಟು ಹೋಗುತ್ತದೆ.

ಇಂಥ ಮೊಡವೆಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಔಷಧಗಳಲ್ಲಿ ರೆಟಿನಾಯ್ಡ್ ಕ್ರೀಮ್ ಅಥವಾ ಜೆಲ್ ಒಂದು. ಒಳ್ಳೆಯ ಔಷಧ. ಆದರೆ ಅದನ್ನು ಕೊಂಡವರಲ್ಲಿ ಎಷ್ಟೋ ಮಂದಿ ಮೂರನೆಯ ವಾರದ ಹೊತ್ತಿಗೆ ಮುಖ ಉರಿದು, ಸಿಪ್ಪೆ ಎದ್ದು, ಟ್ಯೂಬನ್ನು ಮೂಲೆಗೆ ಎಸೆದಿರುತ್ತಾರೆ. ಅನೇಕ ಸಲ ತಪ್ಪು ಔಷಧದ್ದಲ್ಲ, ಅದನ್ನು ಹಚ್ಚಿದ ವೇಗದ್ದು. ಇಲ್ಲಿ ಮುಖ್ಯವಾಗಿ ಆ ವೇಗದ ಬಗ್ಗೆಯೇ ಬರೆಯುತ್ತೇನೆ.

ಮೊದಲ ಹೆಜ್ಜೆ: ಇದರಲ್ಲಿ ಹಾರ್ಮೋನಿನ ಕೈವಾಡವೆಷ್ಟು ಎಂದು ನೋಡಿ

ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಎರಡೇ ಸಂಗತಿಗಳನ್ನು ಗುರುತು ಹಾಕಿಕೊಳ್ಳಿ: ಮುಟ್ಟು ಶುರುವಾದ ದಿನ ಮತ್ತು ಹೊಸ ಗಂಟು ಬೆರಳಿಗೆ ಸಿಕ್ಕ ದಿನ. ಗಂಟುಗಳು ಮುಟ್ಟಿಗೆ ಮುಂಚಿನ ವಾರದಲ್ಲಿ ಗುಂಪುಗಟ್ಟಿದರೆ ಹಾರ್ಮೋನಿನ ಪಾತ್ರ ಹೆಚ್ಚೆಂದು ಊಹಿಸಬಹುದು. ತಿಂಗಳಿಡೀ ಚದುರಿದ್ದರೆ ಹಾರ್ಮೋನ್ ಇಲ್ಲವೇ ಇಲ್ಲ ಎಂದರ್ಥವಲ್ಲ; ಬೇರೆ ಕಾರಣಗಳನ್ನೂ ಹುಡುಕಬೇಕು ಎಂದರ್ಥ.

ಒಳಗೆ ನಡೆಯುವುದು ಹೀಗೆ. ಚರ್ಮದ ಪ್ರತಿ ರೋಮಕೂಪಕ್ಕೂ ಎಣ್ಣೆ ಒಸರುವ ಗ್ರಂಥಿಯೊಂದು ಅಂಟಿಕೊಂಡಿರುತ್ತದೆ. ಆ ಗ್ರಂಥಿಗೆ ಕೆಲಸ ಹೇಳುವುದು ಆಂಡ್ರೋಜನ್ ಗುಂಪಿನ ಹಾರ್ಮೋನುಗಳು. ಟೆಸ್ಟೋಸ್ಟೆರೋನ್ ಇವುಗಳಲ್ಲಿ ಪ್ರಮುಖ. ಇದು ಪುರುಷರಲ್ಲಿ ಮಾತ್ರ ಇರುವುದೆಂಬುದು ತಪ್ಪು ತಿಳಿವಳಿಕೆ. ಮಹಿಳೆಯರ ದೇಹದಲ್ಲಿಯೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳು ಇದನ್ನು ಸ್ವಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ. ಎಣ್ಣೆ ಗ್ರಂಥಿ ಅದನ್ನು ತನ್ನೊಳಗೇ ಇನ್ನಷ್ಟು ಪ್ರಬಲವಾದ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಈಸ್ಟ್ರೋಜನ್ ಇಳಿಯುತ್ತದೆ, ಆಂಡ್ರೋಜನ್ನಿನ ಪ್ರಭಾವ ತುಲನೆಯಲ್ಲಿ ಮೇಲಾಗುತ್ತದೆ. ಎಣ್ಣೆ ಹೆಚ್ಚುತ್ತದೆ. ರೋಮಕೂಪದ ಒಳಗೋಡೆಯಿಂದ ಉದುರಬೇಕಾದ ಕೋಶಗಳು ಅದರಲ್ಲಿ ಅಂಟಿಕೊಂಡು ಬೆಣೆಯಾಗುತ್ತವೆ. ಬೆಣೆಯ ಹಿಂದೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ದೇಹ ಅದಕ್ಕೆ ಉರಿಯೂತದಿಂದ ಉತ್ತರಿಸುತ್ತದೆ. ಅದೇ ಬೆರಳಿಗೆ ಸಿಗುವ ಗಂಟು.

ರಕ್ತಪರೀಕ್ಷೆ ಮಾಡಿಸಿ, ವರದಿಯಲ್ಲಿ ಎಲ್ಲವೂ ಸರಿಯಿದೆ ಎಂದು ಬಂದಾಗ ಹಲವರು ಗೊಂದಲಕ್ಕೆ ಬೀಳುತ್ತಾರೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ದವಡೆಯಂಚಿನ ಮೊಡವೆ ಇರುವ ಬಹುಪಾಲು ಮಹಿಳೆಯರ ರಕ್ತದಲ್ಲಿ ಹಾರ್ಮೋನ್ ಪ್ರಮಾಣ ಸಹಜವಾಗಿಯೇ ಇರುತ್ತದೆ. ಆ ಸಹಜ ಪ್ರಮಾಣಕ್ಕೇ ಅವರ ಗ್ರಂಥಿಗಳು ಅತಿಯಾಗಿ ಸ್ಪಂದಿಸುತ್ತವೆ. ಹಾಗಾಗಿ ‘ಸಹಜ’ ಎಂಬ ವರದಿ ಹಾರ್ಮೋನಿನ ಪಾತ್ರವನ್ನು ತಳ್ಳಿಹಾಕುವುದಿಲ್ಲ.

ಆದರೆ ಕೆಲವು ಲಕ್ಷಣಗಳಿದ್ದರೆ ಕ್ರೀಮಿಗೆ ಮೊದಲು ವೈದ್ಯರ ಕೋಣೆ. ಮುಟ್ಟು ಮೂವತ್ತೈದು ದಿನಕ್ಕಿಂತ ತಡವಾಗಿ ಬರುತ್ತಿದ್ದರೆ ಅಥವಾ ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಗದ್ದ ಮತ್ತು ಮೇಲ್ದುಟಿಯಲ್ಲಿ ಒರಟು ಕೂದಲು ಬೆಳೆಯುತ್ತಿದ್ದರೆ, ನೆತ್ತಿಯ ಕೂದಲು ತೆಳುವಾಗುತ್ತಿದ್ದರೆ ಪಿಸಿಓಎಸ್ ಎಂಬ, ಅಂಡಾಶಯ ಮತ್ತು ಹಾರ್ಮೋನಿಗೆ ಸಂಬಂಧಿಸಿದ ತೊಂದರೆ ಇದೆಯೇ ಎಂದು ನೋಡಬೇಕಾಗುತ್ತದೆ. ಇವೆಲ್ಲ ಕೆಲವೇ ತಿಂಗಳಲ್ಲಿ ಒಮ್ಮೆಲೇ ಶುರುವಾಗಿ, ಧ್ವನಿಯೂ ಗಡುಸಾಗುತ್ತಿದ್ದರೆ ತಡ ಮಾಡಲೇಬಾರದು. ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಪ್ರೊಜೆಸ್ಟಿನ್ ಎಂಬ ಹಾರ್ಮೋನ್ ಮಾತ್ರ ಇರುವ ಕೆಲವು ಗರ್ಭನಿರೋಧಕಗಳು, ಸ್ಟೀರಾಯ್ಡ್ ಮಾತ್ರೆಗಳು, ಲಿಥಿಯಂ ಇವೆಲ್ಲ ಮೊಡವೆಯನ್ನು ಎಬ್ಬಿಸಬಲ್ಲವು. ಮುಖ ಬೆಳ್ಳಗಾಗಲೆಂದು ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಅದು ತರುವ ಗುಳ್ಳೆಗಳ ಚಿಕಿತ್ಸೆಯೇ ಬೇರೆ, ಅದರ ಮೇಲೆ ರೆಟಿನಾಯ್ಡ್ ಹಚ್ಚಿದರೆ ಉರಿ ಖಂಡಿತ.

ಹಾಗೆಯೇ ಒಂದು ಸಣ್ಣ ಪರಿಶೀಲನೆ: ಹೆಲ್ಮೆಟ್ಟಿನ ಪಟ್ಟಿ, ಬಿಗಿಯಾದ ಮಾಸ್ಕ್, ಗದ್ದಕ್ಕೆ ಕೈಕೊಟ್ಟು ಕೂರುವ ಅಭ್ಯಾಸ. ಗಂಟುಗಳು ಆ ಗೆರೆಯ ಮೇಲೆಯೇ ಬರುತ್ತಿದ್ದರೆ, ಅಥವಾ ಒಂದೇ ಬದಿಗೆ ಬರುತ್ತಿದ್ದರೆ, ಉಜ್ಜಾಟದ ಪಾಲೂ ಇದೆ.

ರೆಟಿನಾಯ್ಡ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ರೆಟಿನಾಯ್ಡ್‌ಗಳು ವಿಟಮಿನ್ ಎ ಕುಲದವು. ಇವುಗಳಲ್ಲಿ ಹಿರಿಯ ಟ್ರೆಟಿನಾಯಿನ್. ಅಮೆರಿಕದಲ್ಲಿ ಮೊಡವೆಗೆಂದು ಅದಕ್ಕೆ ಅನುಮತಿ ಸಿಕ್ಕಿದ್ದು 1971ರಲ್ಲಿ. ನಂತರ ಬಂದ ಅಡಾಪಲೀನ್ ಚರ್ಮಕ್ಕೆ ತುಸು ಮೃದು, ಅದರ ಶೇ. 0.1 ಜೆಲ್ಲನ್ನು ಅದೇ ದೇಶ 2016ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಲು ಬಿಟ್ಟಿತು. ಮೊದಲ ಬಾರಿ ಹಚ್ಚುವವರಿಗೆ ಅಡಾಪಲೀನ್ ಶೇ. 0.1 ಅಥವಾ ಟ್ರೆಟಿನಾಯಿನ್ ಶೇ. 0.025 ಸರಿಯಾದ ಆರಂಭ. ಒಣ ಚರ್ಮದವರಿಗೆ ಜೆಲ್ಲಿಗಿಂತ ಕ್ರೀಮ್ ಹಿತ. ಸೌಂದರ್ಯವರ್ಧಕಗಳಲ್ಲಿ ಬರುವ ರೆಟಿನಾಲ್ ಇದೇ ಕುಲದ್ದಾದರೂ ಬಹಳ ಸೌಮ್ಯ. ಗಂಟುಕಟ್ಟುವ ಮೊಡವೆಗೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಇವು ರೋಮಕೂಪದ ಗೋಡೆಯ ಕೋಶಗಳು ಸರಿಯಾಗಿ ಬಲಿತು, ಬಿಡಿಬಿಡಿಯಾಗಿ ಉದುರುವಂತೆ ಮಾಡುತ್ತವೆ. ಅಂದರೆ ಬೆಣೆಯೇ ಕಟ್ಟಿಕೊಳ್ಳುವುದಿಲ್ಲ. ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತವೆ. ಮುಖ್ಯವಾದ ಮಾತೇನೆಂದರೆ, ಇದು ಇಂದು ಕಾಣುವ ಮೊಡವೆಯ ಔಷಧವಲ್ಲ. ಕಣ್ಣಿಗೆ ಕಾಣದ ಬೆಣೆ ವಾರಗಟ್ಟಲೆ ಮೊದಲೇ ಕಟ್ಟಲು ಶುರುವಾಗಿರುತ್ತದೆ. ನೀವು ಇಂದು ರಾತ್ರಿ ಹಚ್ಚುವುದು ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಬರಲಿದ್ದ ಮೊಡವೆಗೆ. ಎದ್ದ ಗಂಟಿನ ತಲೆಯ ಮೇಲಷ್ಟೇ ಒಂದು ಚುಕ್ಕೆ ಇಡುವುದು ಇದೇ ಕಾರಣಕ್ಕೆ ವ್ಯರ್ಥ: ಒಂದು ಕಿವಿಯ ಕೆಳಗಿನಿಂದ ಇನ್ನೊಂದು ಕಿವಿಯ ಕೆಳಗಿನವರೆಗೆ, ಮೊಡವೆ ಬರುವ ಇಡೀ ಪ್ರದೇಶಕ್ಕೆ ಹಚ್ಚಬೇಕು.

ಮಾಡದೇ ಇರುವುದು: ಹಾರ್ಮೋನನ್ನು ಮುಟ್ಟುವುದಿಲ್ಲ, ಎಣ್ಣೆ ಒಸರುವುದನ್ನು ನಿಲ್ಲಿಸುವುದಿಲ್ಲ. ಕೆಲವರಿಗೆ ರೆಟಿನಾಯ್ಡ್ ಒಂದೇ ಏಕೆ ಸಾಲುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಅದರ ಬಗ್ಗೆ ಕೊನೆಯಲ್ಲಿ.

ಹಚ್ಚುವ ಮೊದಲು

ಗರ್ಭಿಣಿಯಾಗಿದ್ದರೆ, ಅಥವಾ ಆಗುವ ಯೋಚನೆಯಿದ್ದರೆ, ರೆಟಿನಾಯ್ಡ್ ಬೇಡ. ಚರ್ಮದಿಂದ ರಕ್ತಕ್ಕೆ ಸೇರುವುದು ಅತ್ಯಲ್ಪವೇ ಆದರೂ, ಇದೇ ಕುಲದ ನುಂಗುವ ಮಾತ್ರೆಗಳು ಭ್ರೂಣಕ್ಕೆ ಗಂಭೀರ ಹಾನಿ ಮಾಡುತ್ತವೆ ಎಂಬುದು ಖಚಿತವಾಗಿರುವುದರಿಂದ ಕ್ರೀಮನ್ನೂ ದೂರವಿಡುವುದು ರೂಢಿ. ಅಂಥವರಿಗೆ ಅಝೆಲಾಯಿಕ್ ಆಮ್ಲದ ಕ್ರೀಮ್ ಒಳ್ಳೆಯ ಬದಲಿ. ಅದು ಕಂದು ಕಲೆಗಳನ್ನೂ ತಿಳಿಗೊಳಿಸುತ್ತದೆ.

ಶುರು ಮಾಡುವ ಎರಡು ವಾರ ಮೊದಲೇ ಸ್ನಾನದ ಕೋಣೆಯ ಕಪಾಟನ್ನು ಖಾಲಿ ಮಾಡಿ. ಸ್ಕ್ರಬ್, ಗ್ಲೈಕೋಲಿಕ್ ಅಥವಾ ಸ್ಯಾಲಿಸಿಲಿಕ್ ಆಮ್ಲದ ಸೀರಂ, ಆಲ್ಕೋಹಾಲ್ ಇರುವ ಟೋನರ್, ನಿಂಬೆರಸ ಎಲ್ಲಕ್ಕೂ ವಿರಾಮ. ಉಳಿಯಬೇಕಾದದ್ದು ಮೂರೇ: ನೊರೆ ಕಡಿಮೆಯ ಸೌಮ್ಯ ಕ್ಲೆನ್ಸರ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಈ ಎರಡು ವಾರದಲ್ಲಿ ಚರ್ಮ ಈ ಮೂರಕ್ಕೂ ಉರಿಯದಿದ್ದರೆ ಮುಂದೆ ಉರಿದಾಗ ಕಾರಣ ಯಾವುದೆಂದು ಗೊತ್ತಾಗುತ್ತದೆ.

ಅದೇ ದಿನ, ಕಿಟಕಿಯ ಬಳಿ ನಿಂತು ದವಡೆಯ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ದಿನವೂ ಕನ್ನಡಿ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ತಿಳಿಯುವುದಿಲ್ಲ.

ಹಚ್ಚುವ ರಾತ್ರಿ

ಮುಖ ತೊಳೆದು ಒತ್ತಿ ಒರೆಸಿ, ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡಿ. ಒದ್ದೆ ಚರ್ಮ ಔಷಧವನ್ನು ಬೇಗ ಒಳಗೆಳೆದುಕೊಳ್ಳುತ್ತದೆ, ಉರಿಯನ್ನೂ ಹೆಚ್ಚಿಸುತ್ತದೆ. ಬಾಯಿಯ ಎರಡು ಮೂಲೆ, ಮೂಗಿನ ಪಕ್ಕದ ಮಡಿಕೆ, ಕಣ್ಣಿನ ಸುತ್ತ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ದವಡೆಗೆ ಹಚ್ಚುವವರಿಗೆ ಮೊದಲು ಬಿರುಕು ಬಿಡುವುದು ಬಾಯಿಯ ಮೂಲೆಗಳೇ, ಏಕೆಂದರೆ ಗದ್ದಕ್ಕೆ ಹಚ್ಚಿದ್ದು ನಿದ್ದೆಯಲ್ಲಿ ಮೇಲಕ್ಕೆ ಸರಿಯುತ್ತದೆ.

ನಂತರ ಮಾಯಿಶ್ಚರೈಸರಿನ ತೆಳು ಪದರ. ಅದರ ಮೇಲೆ ರೆಟಿನಾಯ್ಡ್. ಇಡೀ ಮುಖಕ್ಕಾದರೆ ಒಂದು ಬಟಾಣಿ ಕಾಳಿನಷ್ಟು, ಕೆಳಮುಖಕ್ಕೆ ಮಾತ್ರವಾದರೆ ಅದರ ಅರ್ಧ. ಇದು ಹೇಳಲು ಸುಲಭ, ಪಾಲಿಸಲು ಕಷ್ಟ, ಏಕೆಂದರೆ ಇಷ್ಟು ಕಡಿಮೆ ಸಾಕೇ ಎಂಬ ಅನುಮಾನ ಬಂದೇ ಬರುತ್ತದೆ. ಸಾಕು. ಹೆಚ್ಚು ಹಚ್ಚಿದರೆ ಪರಿಣಾಮ ಹೆಚ್ಚುವುದಿಲ್ಲ, ಸಿಪ್ಪೆ ಮಾತ್ರ ಹೆಚ್ಚುತ್ತದೆ. ಬೆರಳ ತುದಿಯಿಂದ ಗದ್ದದ ಮೇಲೆ ಒಂದು ಚುಕ್ಕೆ, ದವಡೆಯ ಎರಡೂ ಬದಿಗೆ ಒಂದೊಂದು ಚುಕ್ಕೆ ಇಟ್ಟು, ಚುಕ್ಕೆ ಕಾಣದಂತೆ ಹರಡಿ. ಮೊದಲ ವಾರಗಳಲ್ಲಿ ಇದರ ಮೇಲೆ ಇನ್ನೊಂದು ಪದರ ಮಾಯಿಶ್ಚರೈಸರ್ ಹಚ್ಚಿದರೂ ತಪ್ಪಿಲ್ಲ.

ಚರ್ಮ ತೀರಾ ಸೂಕ್ಷ್ಮವಾಗಿದ್ದರೆ ಇನ್ನೊಂದು ದಾರಿಯಿದೆ: ಹಚ್ಚಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ತೊಳೆದು, ಮಾಯಿಶ್ಚರೈಸರ್ ಹಚ್ಚಿ ಮಲಗುವುದು. ಎರಡು ಮೂರು ವಾರಗಳಲ್ಲಿ ಆ ಅವಧಿಯನ್ನು ಹಂತಹಂತವಾಗಿ ಹೆಚ್ಚಿಸಿ ರಾತ್ರಿಯಿಡೀ ಉಳಿಸಿಕೊಳ್ಳಬಹುದು.

ಬೆನ್‌ಝಾಯಿಲ್ ಪೆರಾಕ್ಸೈಡ್ ಕೂಡ ಬಳಸುವವರು ಗಮನಿಸಿ: ಹಳೆಯ ಬಗೆಯ ಟ್ರೆಟಿನಾಯಿನ್ ಅದರ ಜೊತೆಗೂ ಬೆಳಕಿನಲ್ಲಿಯೂ ಕೆಟ್ಟುಹೋಗುತ್ತದೆ. ಆದ್ದರಿಂದ ಅದು ಬೆಳಿಗ್ಗೆ, ಇದು ರಾತ್ರಿ. ಅಡಾಪಲೀನ್‌ಗೆ ಈ ತೊಂದರೆಯಿಲ್ಲ, ಆದರೆ ಆರಂಭದಲ್ಲಿ ಎರಡನ್ನೂ ಒಟ್ಟಿಗೆ ಶುರು ಮಾಡುವುದು ಚರ್ಮದ ಮೇಲೆ ಎರಡು ಹೊರೆ ಹೇರಿದಂತೆ.

ಹನ್ನೆರಡು ವಾರ ಹೇಗೆ ಸಾಗುತ್ತವೆ: ಒಂದು ಉದಾಹರಣೆ

ಮೂವತ್ತೊಂದು ವರ್ಷದ ಒಬ್ಬ ಮಹಿಳೆ ಎಂದುಕೊಳ್ಳಿ. ಮುಟ್ಟು ಇಪ್ಪತ್ತೊಂಬತ್ತು ದಿನಕ್ಕೊಮ್ಮೆ, ಕ್ರಮ ತಪ್ಪಿಲ್ಲ. ಪ್ರತಿ ಬಾರಿ ಅದಕ್ಕೆ ಐದಾರು ದಿನ ಮೊದಲು ದವಡೆಯಲ್ಲಿ ನಾಲ್ಕು ಗಂಟುಗಳು, ಗದ್ದದ ಮೇಲೆ ಸಣ್ಣ ಬಿಳಿ ತಲೆಗಳು, ಹಿಂದಿನ ತಿಂಗಳುಗಳ ಕಂದು ಕಲೆಗಳು. ಅಡಾಪಲೀನ್ ಶೇ. 0.1 ಜೆಲ್ ಶುರು ಮಾಡುತ್ತಾರೆ.

ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ, ಮಂಗಳವಾರ ಮತ್ತು ಶುಕ್ರವಾರ. ಏನೂ ಆಗುವುದಿಲ್ಲ. ಮುಖ ಏನೂ ಆಗದಂತೆ ಇರುವ ಈ ಹಂತದಲ್ಲಿಯೇ ಪ್ರತಿ ರಾತ್ರಿ ಹಚ್ಚುವ ಆಸೆ ಹುಟ್ಟುತ್ತದೆ. ತಡೆದುಕೊಳ್ಳಬೇಕು, ಏಕೆಂದರೆ ಕಿರಿಕಿರಿ ತಡವಾಗಿ ತಲೆಯೆತ್ತುತ್ತದೆ.

ಮೂರನೆಯ ಮತ್ತು ನಾಲ್ಕನೆಯ ವಾರ ಮೂರು ರಾತ್ರಿ. ಈಗ ಗದ್ದ ಬಿಗಿಯುತ್ತದೆ, ಮೇಕಪ್ ಹಚ್ಚಿದರೆ ಸಣ್ಣ ಸಿಪ್ಪೆಗಳು ಎದ್ದು ಕಾಣುತ್ತವೆ. ಮೊದಲಿಗಿಂತ ಹೆಚ್ಚು ಸಣ್ಣ ಮೊಡವೆಗಳೂ ಬರುತ್ತವೆ. ಒಳಗೆ ಕಟ್ಟಿದ್ದ ಬೆಣೆಗಳು ಬೇಗ ಮೇಲೆ ಬರುವುದರಿಂದ ಹೀಗಾಗಬಹುದು. ಇದನ್ನು ಕೆಟ್ಟ ಪ್ರತಿಕ್ರಿಯೆಯಿಂದ ಬೇರ್ಪಡಿಸಿ ನೋಡುವುದು ಹೇಗೆ? ಮೊದಲೂ ಮೊಡವೆ ಬರುತ್ತಿದ್ದ ಜಾಗದಲ್ಲಿಯೇ ಬಂದು, ಬೇಗ ಒಣಗಿ ಹೋದರೆ ಮುಂದುವರಿಸಬಹುದು. ಎಂದೂ ಮೊಡವೆ ಬರದ ಜಾಗದಲ್ಲಿ ಒಂದೇ ಬಗೆಯ ಸಣ್ಣ ಕೆಂಪು ಗುಳ್ಳೆಗಳು ಗುಂಪಾಗಿ ಎದ್ದು, ತುರಿಸಿ, ನೀರು ತಾಗಿದರೂ ಉರಿದರೆ ಅದು ಚರ್ಮ ಕೆರಳಿರುವ ಗುರುತು. ಕಣ್ಣು, ತುಟಿ ಊದಿಕೊಂಡರೆ ಅದು ಅಲರ್ಜಿ. ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಐದನೆಯ ವಾರ ಮುಟ್ಟಿನ ಮುಂಚಿನ ವಾರ. ಎಂದಿನಂತೆ ನಾಲ್ಕು ಗಂಟುಗಳು. ಔಷಧ ಕೆಲಸ ಮಾಡುತ್ತಿಲ್ಲವೆಂದು ಅವರು ಸತತ ನಾಲ್ಕು ರಾತ್ರಿ, ದಪ್ಪವಾಗಿ ಹಚ್ಚುತ್ತಾರೆ. ಸಿಪ್ಪೆ ತೆಗೆಯಲು ಸ್ಕ್ರಬ್ ಕೂಡ ಉಜ್ಜುತ್ತಾರೆ. ಐದನೆಯ ಬೆಳಿಗ್ಗೆ ಬಾಯಿಯ ಮೂಲೆ ಸೀಳಿದೆ, ದವಡೆ ಕೆಂಪಾಗಿ ಹೊಳೆಯುತ್ತಿದೆ, ಮಾಯಿಶ್ಚರೈಸರ್ ಹಚ್ಚಿದರೂ ಚುರುಗುಟ್ಟುತ್ತಿದೆ.

ಇಲ್ಲಿ ಮಾಡಬೇಕಾದದ್ದು ಇಷ್ಟೇ. ರೆಟಿನಾಯ್ಡ್ ನಿಲ್ಲಿಸಿ, ದಪ್ಪ ಮಾಯಿಶ್ಚರೈಸರ್ ದಿನಕ್ಕೆ ಎರಡು ಮೂರು ಬಾರಿ ಹಚ್ಚಿ. ಬೆಳಿಗ್ಗೆ ಬರಿ ನೀರಿನಿಂದ ಮುಖ ತೊಳೆದರೆ ಸಾಕು. ಮಾಯಿಶ್ಚರೈಸರ್ ಚುರುಗುಟ್ಟುವುದು ಪೂರ್ತಿ ನಿಂತ ಮೇಲೆ, ಸಾಮಾನ್ಯವಾಗಿ ಐದರಿಂದ ಏಳು ದಿನಕ್ಕೆ, ಮತ್ತೆ ವಾರಕ್ಕೆ ಎರಡು ರಾತ್ರಿಯಿಂದ ಆರಂಭ. ಬಿಟ್ಟಲ್ಲಿಂದ ಮುಂದುವರಿಸುವುದಲ್ಲ, ಒಂದು ಮೆಟ್ಟಿಲು ಕೆಳಗಿಳಿದು ಹತ್ತುವುದು. ಕಂದು ಬಣ್ಣದ ಚರ್ಮದವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು: ಮೊಡವೆಯಂತೆಯೇ ಈ ಕೆರಳುವಿಕೆಯೂ ತಿಂಗಳುಗಟ್ಟಲೆ ಉಳಿಯುವ ಕಲೆ ಬಿಡುತ್ತದೆ. ಕಲೆ ಹೋಗಲೆಂದು ಹಚ್ಚಿದ್ದೇ ಕಲೆ ತಂದೀತು.

ಎಂಟನೆಯ ವಾರಕ್ಕೆ ದಿನ ಬಿಟ್ಟು ದಿನ. ಸಿಪ್ಪೆ ಬಹುತೇಕ ನಿಂತಿದೆ. ಹತ್ತನೆಯ ವಾರದಿಂದ ವಾರಕ್ಕೆ ಐದು ರಾತ್ರಿ. ಪ್ರತಿ ರಾತ್ರಿ ಹಚ್ಚುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಮೂರು ನಾಲ್ಕು ರಾತ್ರಿಗೇ ಚರ್ಮ ನಿಂತುಬಿಟ್ಟರೆ ಅಲ್ಲೇ ಉಳಿಯುವುದು ಕ್ರೀಮ್ ಪೂರ್ತಿ ಬಿಡುವುದಕ್ಕಿಂತ ಎಷ್ಟೋ ಮೇಲು. ಈ ನಡುವೆ ಮೇಲ್ದುಟಿ, ಗದ್ದಕ್ಕೆ ವ್ಯಾಕ್ಸಿಂಗ್ ಮಾಡಿಸುವುದಿದ್ದರೆ ಕನಿಷ್ಠ ಒಂದು ವಾರ ಮೊದಲೇ ರೆಟಿನಾಯ್ಡ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಕೂದಲ ಜೊತೆ ಮೇಲ್ಪದರದ ಚರ್ಮವೂ ಕಿತ್ತು ಬರುತ್ತದೆ.

ಹನ್ನೆರಡನೆಯ ವಾರ ಮೊದಲ ದಿನದ ಫೋಟೋ ಪಕ್ಕಕ್ಕಿಟ್ಟು ನೋಡುತ್ತಾರೆ. ಗದ್ದದ ಬಿಳಿ ತಲೆಗಳು ಬಹುತೇಕ ಇಲ್ಲ. ಕಲೆಗಳು ತಿಳಿಯಾಗಿವೆ. ಆದರೆ ಮುಟ್ಟಿನ ಮುಂಚೆ ಎರಡು ಆಳದ ಗಂಟುಗಳು ಈಗಲೂ ಬರುತ್ತಿವೆ.

ಗಂಟುಗಳು ಉಳಿದರೆ

ಈ ಫಲಿತಾಂಶವನ್ನು ಸೋಲೆಂದು ಓದಬಾರದು. ಬೆಣೆಯ ಭಾಗ ಬಗೆಹರಿದಿದೆ, ಹಾರ್ಮೋನಿನ ಭಾಗ ಉಳಿದಿದೆ ಎಂದು ಇದು ಸ್ಪಷ್ಟವಾಗಿ ತೋರಿಸುತ್ತದೆ. ಇಲ್ಲಿ ಹೆಚ್ಚು ಶಕ್ತಿಯ ರೆಟಿನಾಯ್ಡಿಗೆ ಜಿಗಿಯುವುದಕ್ಕಿಂತ, ಕ್ಯಾಲೆಂಡರ್ ಮತ್ತು ಫೋಟೋ ಹಿಡಿದು ಚರ್ಮತಜ್ಞರ ಬಳಿ ಹೋಗುವುದು ಸರಿ.

ಅವರ ಬಳಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಗರ್ಭನಿರೋಧಕ ಮಾತ್ರೆ. ಅದು ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟೆರೋನನ್ನು ತಗ್ಗಿಸುತ್ತದೆ. ಧೂಮಪಾನ ಮಾಡುವ ಮೂವತ್ತೈದು ದಾಟಿದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ, ಕಣ್ಣೆದುರು ಮಿಂಚು ಕಾಣುವ ಬಗೆಯ ಮೈಗ್ರೇನ್ ಇರುವವರಿಗೆ ಅದು ಸಲ್ಲದು. ಇನ್ನೊಂದು ಸ್ಪೈರೊನೊಲ್ಯಾಕ್ಟೋನ್. ಮೂಲತಃ ಮೂತ್ರ ಹೆಚ್ಚಿಸುವ, ರಕ್ತದೊತ್ತಡ ಇಳಿಸುವ ಮಾತ್ರೆ. ಎಣ್ಣೆ ಗ್ರಂಥಿಯಲ್ಲಿ ಆಂಡ್ರೋಜನ್ ಕೂರುವ ಜಾಗವನ್ನು ಇದು ಅಡ್ಡಗಟ್ಟುತ್ತದೆ. ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಹಿಳೆಯರಿಗೆ ದಿನಕ್ಕೆ 50 ಮಿಲಿಗ್ರಾಂನಿಂದ ಶುರು ಮಾಡಿ 100ಕ್ಕೆ ಏರಿಸಿ ನೋಡಲಾಯಿತು. ಹನ್ನೆರಡನೆಯ ವಾರಕ್ಕೆ ಲಾಭ ಅಷ್ಟಕ್ಕಷ್ಟೇ, ಇಪ್ಪತ್ತನಾಲ್ಕನೆಯ ವಾರಕ್ಕೆ ಹೆಚ್ಚು ಸ್ಪಷ್ಟ. ಇದನ್ನು ನುಂಗುವಾಗ ಗರ್ಭ ಧರಿಸಬಾರದು, ಗಂಡು ಭ್ರೂಣದ ಬೆಳವಣಿಗೆಗೆ ಅಡ್ಡಿಯಾಗಬಹುದು. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಪೊಟ್ಯಾಸಿಯಂ ಏರುವ ಭಯವೂ ಇದೆ. ಮುಟ್ಟು ಏರುಪೇರಾಗುವುದು ಸಾಮಾನ್ಯ. ಪುರುಷರಿಗೆ ಇದನ್ನು ಮೊಡವೆಗೆಂದು ಕೊಡುವುದಿಲ್ಲ, ಸ್ತನ ಬೆಳೆಯುವಂಥ ಪರಿಣಾಮಗಳಿವೆ.

ಇವೆರಡೂ ವೈದ್ಯರು ಬರೆದುಕೊಟ್ಟು, ಗಮನಿಸುತ್ತ ಕೊಡುವ ಔಷಧಗಳು. ಗೆಳತಿಯ ಚೀಟಿ ನೋಡಿ ತರುವಂಥವಲ್ಲ. ಅವನ್ನು ಶುರು ಮಾಡಿದ ಮೇಲೂ ರೆಟಿನಾಯ್ಡ್ ಬಿಡುವಂತಿಲ್ಲ, ಏಕೆಂದರೆ ಎರಡರ ಕೆಲಸ ಬೇರೆಬೇರೆ. ದವಡೆ ತಿಳಿಯಾದ ಮೇಲೆ ವೈದ್ಯರು ಮಾತ್ರೆಯನ್ನು ಇಳಿಸುತ್ತ ಬರಬಹುದು, ಕ್ರೀಮ್ ಮಾತ್ರ ವಾರಕ್ಕೆ ಎರಡು ಮೂರು ರಾತ್ರಿಯಾದರೂ ಮುಂದುವರಿಯುತ್ತದೆ. ಪೂರ್ತಿ ನಿಲ್ಲಿಸಿದರೆ ಬೆಣೆಗಳು ಮತ್ತೆ ಕಟ್ಟಲು ಶುರುವಾಗುತ್ತವೆ, ಅದು ಕನ್ನಡಿಯಲ್ಲಿ ಕಾಣುವುದು ಒಂದೆರಡು ತಿಂಗಳ ನಂತರ.